ಕೀ ಉತ್ತರಕ್ಕೂ ಒಂದು ಪರೀಕ್ಷೆ



ಧಾರವಾಡದ ಸಪ್ತಾಪುರದ ಓಣಿಗಳನ್ನು ಬಲ್ಲವರಿಗೆ ಅಲ್ಲಿಯ ಬದುಕನ್ನು ಬಣ್ಣಿಸಬೇಕಾಗಿಲ್ಲ. ಬಾಡಿಗೆ ಕೋಣೆಗಳು, ಖಾನಾವಳಿಗಳು, ವಾಚನಾಲಯಗಳು, ತರಬೇತಿ ಕೇಂದ್ರಗಳು. ಅವುಗಳ ನಡುನಡುವೆ ನಮ್ಮಂಥವರ ಪುಸ್ತಕದಂಗಡಿಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಎಂದು ಹಳ್ಳಿಗಳಿಂದ ಬಂದ ಮಕ್ಕಳು ಇಲ್ಲಿ ವರ್ಷಗಟ್ಟಲೆ ಕುಳಿತು ಓದುತ್ತಾರೆ. ಅವರಿಗಾಗಿ ಅಧ್ಯಯನ ಸಾಮಗ್ರಿಯನ್ನೂ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಸಿದ್ಧಪಡಿಸಿ ಮಾರುವುದು ನಮ್ಮ ಕುಟುಂಬದ ಕಾಯಕ. ಪುಸ್ತಕ ಕೊಳ್ಳಲು ಬರುವ ತಂದೆತಾಯಿಗಳು ಸಾಮಾನ್ಯವಾಗಿ ನಮ್ಮನ್ನು ಕೇಳುವುದು ಒಂದೇ ಮಾತು: “ಇದರೊಳಗ ಎಷ್ಟು ಪ್ರಶ್ನೆ ಅದಾವ್ರೀ?” ಆದರೆ ಕೇಳಬೇಕಾದುದು ಬೇರೊಂದಿದೆ. ಆ ಪ್ರಶ್ನೆಗಳ ಕೊನೆಯಲ್ಲಿ ಅಚ್ಚಾಗಿರುವ ಕೀ ಉತ್ತರಗಳನ್ನು ಯಾರು, ಹೇಗೆ ಪರೀಕ್ಷಿಸಿದ್ದಾರೆ? ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಅದನ್ನೇ.

ಲೋಕಸೇವಾ ಆಯೋಗವು ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ಅಭ್ಯರ್ಥಿಗಳಿಂದ ಆಧಾರಸಹಿತ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ಅವುಗಳನ್ನು ಪರಿಶೀಲಿಸಿದ ನಂತರವೇ ಅಂತಿಮ ಪಟ್ಟಿ ಹೊರಬೀಳುತ್ತದೆ. ಅಂಗಡಿಯಲ್ಲಿ ಮಾರುವ ಪುಸ್ತಕಕ್ಕೆ ಇಂತಹ ಯಾವ ಏರ್ಪಾಡೂ ಇಲ್ಲ. ಅಧಿಸೂಚನೆ ಹೊರಟಿತೆಂದರೆ ಪ್ರಕಾಶಕರಲ್ಲಿ ಪೈಪೋಟಿ ಏಳುತ್ತದೆ. ಮೊದಲು ಅಂಗಡಿಗೆ ಬಂದ ಪುಸ್ತಕವೇ ಹೆಚ್ಚು ಮಾರಾಟವಾಗುತ್ತದೆ. ಆ ಅವಸರದಲ್ಲಿ ಒಬ್ಬರ ಪುಸ್ತಕದ ಪ್ರಶ್ನೆ ಇನ್ನೊಬ್ಬರ ಪುಸ್ತಕಕ್ಕೆ, ಅಲ್ಲಿಂದ ಮತ್ತೊಬ್ಬರದಕ್ಕೆ ಹೋಗುವಾಗ ಅದರ ಬೆನ್ನಿಗಂಟಿದ ತಪ್ಪೂ ಜೊತೆಯಲ್ಲಿಯೇ ಸಾಗುತ್ತದೆ. ತಪ್ಪು ಉತ್ತರವನ್ನು ನಾಲ್ಕು ಪುಸ್ತಕಗಳಲ್ಲಿ ಕಂಡ ಹುಡುಗ ಅದನ್ನೇ ಸತ್ಯವೆಂದು ಬಾಯಿಪಾಠ ಮಾಡುತ್ತಾನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಅವನು ಆ ಪ್ರಶ್ನೆಯ ಅಂಕವನ್ನೂ ಕಳೆದುಕೊಳ್ಳುತ್ತಾನೆ, ಗಳಿಸಿದ ಅಂಕದಲ್ಲಿಯೂ ಒಂದು ಪಾಲನ್ನು ತೆರುತ್ತಾನೆ.

ಆದ್ದರಿಂದ ನಾವು ಮಾದರಿ ಪತ್ರಿಕೆಯನ್ನು ಅಚ್ಚಿಗೆ ಕೊಡುವ ಮೊದಲು ಅದರ ಕರಡನ್ನು ಒಂದು ರವಿವಾರ ಸುಮಾರು 60 ಅಭ್ಯರ್ಥಿಗಳಿಗೆ ಶುಲ್ಕವಿಲ್ಲದೆ ಕೊಟ್ಟು ಪರೀಕ್ಷೆ ನಡೆಸುತ್ತೇವೆ. ಅವರು ತಮ್ಮ ತಿಳಿವಳಿಕೆಯನ್ನು ಪರೀಕ್ಷಿಸಿಕೊಳ್ಳುತ್ತಾರೆ; ನಾವು ನಮ್ಮ ಪ್ರಶ್ನೆಗಳನ್ನು ಪರೀಕ್ಷಿಸಿಕೊಳ್ಳುತ್ತೇವೆ. ಉತ್ತರ ಹಾಳೆಗಳನ್ನು ಒಟ್ಟು ಅಂಕಗಳ ಕ್ರಮದಲ್ಲಿ ಜೋಡಿಸಿ, ಮೇಲಿನ 16 ಹಾಗೂ ಕೆಳಗಿನ 16 ಹಾಳೆಗಳನ್ನು ಬೇರೆ ತೆಗೆಯುತ್ತೇವೆ. ಶೇಕಡಾ 27ರಷ್ಟನ್ನು ಎರಡೂ ತುದಿಗಳಿಂದ ತೆಗೆಯುವುದು ಪರೀಕ್ಷಾಶಾಸ್ತ್ರದ ಹಳೆಯ ರೂಢಿ. ಅನಂತರ ಪ್ರತಿಯೊಂದು ಪ್ರಶ್ನೆಗೂ ಈ ಎರಡು ಗುಂಪಿನವರು ಏನೇನು ಗುರುತು ಹಾಕಿದ್ದಾರೆಂದು ಎಣಿಸುತ್ತೇವೆ. ಒಳ್ಳೆಯ ಪ್ರಶ್ನೆಗೆ ಚೆನ್ನಾಗಿ ಓದಿದವರಲ್ಲಿ ಹೆಚ್ಚು ಜನ ಸರಿಯಾಗಿ ಉತ್ತರಿಸಿರುತ್ತಾರೆ, ಓದದವರಲ್ಲಿ ಕಡಿಮೆ. ಮೇಲಿನವರಲ್ಲಿ 13, ಕೆಳಗಿನವರಲ್ಲಿ 5 ಮಂದಿ ಸರಿ ಬರೆದಿದ್ದರೆ ನಮಗೆ ಸಮಾಧಾನ. ಲೆಕ್ಕ ತಿರುಗುಮುರುಗಾದರೆ ದೋಷವಿರುವುದು ಅಭ್ಯರ್ಥಿಗಳಲ್ಲಿ ಅಲ್ಲ, ಪ್ರಶ್ನೆಯಲ್ಲಿ ಎಂದು ತಿಳಿಯಬೇಕು.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಬಹಳ ಪುಸ್ತಕಗಳಲ್ಲಿ ಕಾಣುವ ಪ್ರಶ್ನೆಯೊಂದನ್ನು ಪ್ರಯೋಗಕ್ಕೆಂದೇ ಒಮ್ಮೆ ಕರಡಿನಲ್ಲಿ ಸೇರಿಸಿದ್ದೆವು: “ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?” ಆಯ್ಕೆಗಳು ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ, ಡಿ. ದೇವರಾಜ ಅರಸು. ಆ ಪುಸ್ತಕಗಳ ಕೀ ಉತ್ತರ ಕೆ.ಸಿ. ರೆಡ್ಡಿ. ಎಣಿಸಿದಾಗ ಕೆಳಗಿನ 16 ಜನರಲ್ಲಿ 10 ಮಂದಿ ರೆಡ್ಡಿಯವರ ಹೆಸರಿಗೇ ಗುರುತು ಹಾಕಿದ್ದರು. ಮೇಲಿನ 16ರಲ್ಲಿ ಹಾಗೆ ಮಾಡಿದವರು ಕೇವಲ 4. ಉಳಿದವರಲ್ಲಿ 7 ಮಂದಿ ನಿಜಲಿಂಗಪ್ಪನವರನ್ನೂ 5 ಮಂದಿ ಅರಸರನ್ನೂ ಆರಿಸಿದ್ದರು. ಹೆಚ್ಚು ಓದಿದವರೇ ಹೆಚ್ಚು ತಪ್ಪಿದಂತೆ ಕಾಣುತ್ತಿತ್ತು!

ಆದರೆ ಇತಿಹಾಸ ಬಲ್ಲವರಿಗೆ ಇದರ ಗುಟ್ಟು ಹೊಳೆಯದೆ ಇರದು. 1947ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರ ಬಂದಾಗ ಮೊದಲ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿಯವರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಆಗಲೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. 1973ರ ನವೆಂಬರ್ 1ರಂದು ಅದು ಕರ್ನಾಟಕವಾದಾಗ ಅಧಿಕಾರದಲ್ಲಿದ್ದವರು ದೇವರಾಜ ಅರಸರು. ಹೀಗೆ ಮೂರು ಉತ್ತರಗಳಿಗೂ ಒಂದೊಂದು ಆಧಾರವಿದೆ. ಬಾಯಿಪಾಠ ಮಾಡಿದವನಿಗೆ ಸಂಶಯವೇ ಹುಟ್ಟಲಿಲ್ಲ. ತಿಳಿದು ಓದಿದವನು ಕವಲುದಾರಿಯಲ್ಲಿ ನಿಂತ. ಪ್ರಶ್ನೆಯನ್ನು “1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಯಾರು?” ಎಂದು ತಿದ್ದಿ ಇನ್ನೊಂದು ರವಿವಾರ ಬೇರೆ ಗುಂಪಿಗೆ ಕೊಟ್ಟಾಗ ಗೊಂದಲ ಇಲ್ಲವಾಯಿತು. ಒಂದು ಇಸವಿ, ಒಂದು ವಿಶೇಷಣ ಇಷ್ಟೇ ಬೇಕಾಗಿತ್ತು.

ಇದೇ ಎಣಿಕೆ ಭಾಷೆಯ ದೋಷವನ್ನೂ ತೋರಿಸಿಕೊಡುತ್ತದೆ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ತಪ್ಪುಗಳ ಬಗ್ಗೆ ದೊಡ್ಡ ಕೂಗೆದ್ದು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಅದರ ಅನುವಾದದ ಮೇಲೂ ದೂರುಗಳು ಬಂದವು. ಕನ್ನಡ ಮಾಧ್ಯಮದ ಮಕ್ಕಳ ಪಾಡು ಏನೆಂಬುದು ಆಗ ನಾಡಿಗೇ ತಿಳಿಯಿತು. ಎರಡೂ ಭಾಷೆಗಳಲ್ಲಿ ಅಚ್ಚಾಗುವ ಪತ್ರಿಕೆಯಾದರೆ ನಾವು ಕನ್ನಡದಲ್ಲಿ ಓದಿ ಉತ್ತರಿಸಿದವರ ಹಾಳೆಗಳನ್ನೂ ಇಂಗ್ಲಿಷಿನಲ್ಲಿ ಓದಿ ಉತ್ತರಿಸಿದವರವನ್ನೂ ಬೇರೆಬೇರೆಯಾಗಿ ಎಣಿಸುತ್ತೇವೆ. ಒಟ್ಟು ಅಂಕಗಳಲ್ಲಿ ಸಮನಾಗಿರುವ ಎರಡು ಗುಂಪುಗಳು ಒಂದೇ ಪ್ರಶ್ನೆಯಲ್ಲಿ ಬಹಳ ದೂರ ಸರಿದರೆ, ಆ ಕನ್ನಡ ವಾಕ್ಯವನ್ನು ಮತ್ತೆ ಬರೆಯಬೇಕಾಗಿದೆ ಎಂದರ್ಥ.

ಈ ವಿಧಾನಕ್ಕೂ ಮಿತಿಗಳಿವೆ. 60 ಜನರ ಗುಂಪು ಚಿಕ್ಕದು. ಇಬ್ಬರು ಮೂವರ ಅಂತರವನ್ನು ಆಧಾರವಾಗಿಟ್ಟುಕೊಂಡು ತೀರ್ಪು ಕೊಡಲಾಗದು. ಅದಕ್ಕಿಂತ ದೊಡ್ಡ ಮಿತಿಯೆಂದರೆ, ಎಲ್ಲರೂ ಒಂದೇ ತಪ್ಪು ಪುಸ್ತಕವನ್ನು ಓದಿ ಬಂದಿದ್ದರೆ ಜಾಣರೂ ತಪ್ಪನ್ನೇ ಗುರುತಿಸುತ್ತಾರೆ, ಎಣಿಕೆ ಮೌನವಾಗಿರುತ್ತದೆ. ಉದಾಹರಣೆಗೆ, ವಿಜಯನಗರ ಜಿಲ್ಲೆ 2021ರಲ್ಲಿ ರಚನೆಯಾಗಿ ರಾಜ್ಯದ ಜಿಲ್ಲೆಗಳು 31 ಆದವು. ಹಳೆಯ ಮುದ್ರಣಗಳನ್ನೇ ಓದುತ್ತ ಬಂದವರೆಲ್ಲರೂ 30 ಎಂದೇ ಬರೆದರೆ ಲೆಕ್ಕದಲ್ಲಿ ಯಾವ ದೋಷವೂ ಕಾಣದು. ಆದ್ದರಿಂದ ಕಾಲದೊಡನೆ ಬದಲಾಗುವ ಸಂಗತಿಗಳನ್ನು ಎಣಿಕೆಗೆ ಬಿಡದೆ, ಸರಕಾರದ ಅಧಿಸೂಚನೆ, ಪಠ್ಯಪುಸ್ತಕ, ಗ್ಯಾಸೆಟಿಯರುಗಳೊಡನೆ ಒಂದೊಂದಾಗಿ ತಾಳೆ ನೋಡಲೇಬೇಕು.

ಇಷ್ಟೆಲ್ಲ ಮಾಡಲು ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಬೇರೆಯವರ ಪುಸ್ತಕ ಅಂಗಡಿಗೆ ಬಂದಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಉಳಿದ ಪ್ರತಿಗಳನ್ನು ರದ್ದಿಯ ಬೆಲೆಗೂ ಕೇಳುವವರಿರುವುದಿಲ್ಲ. ಮನೆಯಲ್ಲಿ ಈ ವಿಷಯವಾಗಿ ಪ್ರತಿ ಅಧಿಸೂಚನೆಗೂ ಚರ್ಚೆಯಾಗುವುದುಂಟು, ನಷ್ಟವೂ ಆಗಿದೆ. ಆದರೂ ಹೊಲದ ಮೇಲೆ ಸಾಲ ಮಾಡಿ ಮಗನನ್ನು ಇಲ್ಲಿ ಓದಿಸುತ್ತಿರುವ ತಂದೆ ಕೊಡುವ ಹಣ ಕಾಗದಕ್ಕಲ್ಲ, ಉತ್ತರ ಸರಿಯಾಗಿದೆ ಎಂಬ ನಂಬಿಕೆಗೆ ಎಂಬುದನ್ನು ನಾವು ಮರೆಯಲಾರೆವು.

ಪುಸ್ತಕ ಕೊಳ್ಳುವವರು ಅಂಗಡಿಯಲ್ಲಿ ನಿಂತೇ ಮೂರು ಸಂಗತಿಗಳನ್ನು ನೋಡಬಹುದು. ಮುದ್ರಣದ ತಿಂಗಳು ಮತ್ತು ವರ್ಷ ಮೊದಲ ಪುಟಗಳಲ್ಲಿ ಇದೆಯೇ? ಉತ್ತರಗಳ ಜೊತೆಗೆ ಒಂದೆರಡು ಸಾಲಿನ ವಿವರಣೆ ಮತ್ತು ಆಧಾರ ಇವೆಯೇ, ಅಥವಾ ಬರಿಯ ಅಕ್ಷರಗಳ ಸಾಲೇ? ಕೊನೆಯದಾಗಿ, ಮೊದಲ ಮುಖ್ಯಮಂತ್ರಿಯ ಪ್ರಶ್ನೆಯನ್ನು ಹುಡುಕಿ ಓದಿರಿ. ಅಲ್ಲಿ ಇಸವಿ ನಮೂದಾಗಿಲ್ಲದಿದ್ದರೆ, ಆ ಪುಸ್ತಕದಲ್ಲಿ ಹತ್ತು ಸಾವಿರ ಪ್ರಶ್ನೆಗಳಿದ್ದರೂ ಕೆಳಗಿಟ್ಟು ಬನ್ನಿರಿ.