ಬಿಲ್ಲಿನಂತೆ ಬಾಗಿದ ಕಂಬ

ಹಿತ್ತಿಲ ಕಡೆ 12ಕ್ಕೆ 15 ಅಡಿಯ ಒಂದು ಕೋಣೆ ಕಟ್ಟಿಸಿದ್ವಿ. ಮೋಲ್ಡ್ ಹಾಕೋ ದಿನ ಸೆಂಟ್ರಿಂಗ್ ಮೇಸ್ತ್ರಿ ತಂದ ಕಬ್ಬಿಣದ ಜಾಕ್‌ಗಳು ಸಾಲಲಿಲ್ಲ. "ಉಳಿದದ್ದಕ್ಕೆ ನೀಲಗಿರಿ ಕಂಬ ಕೊಡೋಣ ಯಜಮಾನ್ರೇ, ಬಾಡಿಗೆನೂ ಉಳೀತದೆ" ಅಂದರು. ಅಪ್ಪ ಒಪ್ಪಿದರು, ನಾವೂ ಸುಮ್ಮನಿದ್ವಿ.

ಅರ್ಧ ಕಾಂಕ್ರೀಟ್ ಬಿದ್ದಿತ್ತು. ಕೆಳಗೆ ನಡುವಿನ ಒಂದು ಕಂಬ ಬಿಲ್ಲಿನ ಹಾಗೆ ಬಾಗತೊಡಗಿತು. ಅದರ ಪಕ್ಕದಲ್ಲೇ ಅಪ್ಪ ನಿಂತಿದ್ದರು. ಅವರನ್ನು ಹೊರಗೆ ಎಳೆದುಕೊಂಡು, ಮೇಲಿದ್ದವರನ್ನೂ ಇಳಿಸಿದ್ವಿ. ಮೇಸ್ತ್ರಿ ಒಳಗೆ ನುಗ್ಗಿ ಅಕ್ಕಪಕ್ಕ ಎರಡು ಜಾಕ್ ಕೊಟ್ಟರು. ಅವರು ಹಾಗೆ ನುಗ್ಗಿದ್ದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲೆ ಕೂತು ಲೆಕ್ಕ ಹಾಕಿದ್ವಿ. 5 ಇಂಚಿನ ಹಸಿ ಮೋಲ್ಡ್ ಒಂದು ಚದರಡಿಗೆ ಸುಮಾರು 30 ಕೆಜಿ ತೂಗುತ್ತದೆ. ಶೀಟು, ಆಳುಗಳು, ಒಂದೇ ಕಡೆ ಸುರಿದ ರಾಶಿ ಎಲ್ಲ ಸೇರಿಸಿ 50 ಕೆಜಿ ಅಂತ ಹಿಡಿಯಬೇಕು. 3 ಅಡಿಗೊಂದು ಕಂಬವಿದ್ದರೆ ಒಂದೊಂದರ ಪಾಲು 9 ಚದರಡಿ, ಅಂದರೆ 450 ಕೆಜಿ. ನಾವು ಕೊಟ್ಟಿದ್ದು 4 ಅಡಿಗೊಂದು. ಪಾಲು 16 ಚದರಡಿ ಆಯಿತು, ಭಾರ 800 ಕೆಜಿಗೆ ಏರಿತು.

ಆದರೂ ಗಟ್ಟಿ ಮರ ಅಷ್ಟು ಭಾರಕ್ಕೆ ಜಜ್ಜಿಹೋಗುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ಉದ್ದ ಹೆಚ್ಚಿದಷ್ಟೂ ಬೇಗ ಬಾಗುತ್ತದೆ. ಸಪೂರ ಕಂಬದ ನಡುಮಧ್ಯೆ ಅಲುಗಾಡದ ಹಾಗೆ ಅಡ್ಡ ಕಟ್ಟಿದರೆ, ಲೆಕ್ಕದ ಪ್ರಕಾರ ಅದರ ತಾಳಿಕೆ ನಾಲ್ಕು ಪಟ್ಟಾಗುತ್ತದೆ. ನಮ್ಮ ಕಂಬ ಹತ್ತಡಿ ಉದ್ದ, ತುದಿ ಸಣ್ಣ, ನಡುವೆ ಸೊಟ್ಟ. ಒಂದೇ ಒಂದು ಅಡ್ಡಪಟ್ಟಿಯೂ ಇರಲಿಲ್ಲ.

ಅಡ್ಡಪಟ್ಟಿ ಎರಡೂ ದಿಕ್ಕಿಗೆ ಬೇಕು. ಜೊತೆಗೆ ಓರೆಪಟ್ಟಿಯೂ ಬೇಕು, ಇಲ್ಲದಿದ್ದರೆ ಎಲ್ಲ ಕಂಬಗಳೂ ಒಟ್ಟಿಗೇ ಒಂದು ಕಡೆ ವಾಲಬಹುದು.

ಜಾಕ್ ನೇರವಾಗಿರುತ್ತದೆ, ತಿರುಪಿನಿಂದ ಎತ್ತರ ಹೊಂದಿಸಬಹುದು. ಹಾಗಂತ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪೂರ್ತಿ ಎಳೆದರೆ ಅದು ಹೊರುವ ಭಾರ ಬಹಳ ಇಳಿಯುತ್ತದೆ. ಒಳಕೊಳವೆ ತಡೆಯುವ ಪಿನ್ನು ಕಳೆದುಹೋದರೆ ಸಣ್ಣ ಕಂಬಿ ತುಂಡು ತೂರಿಸುವವರಿದ್ದಾರೆ. ಅದು ಬಾಗಿದರೆ ಜಾಕ್ ಕುಸಿಯುತ್ತದೆ. ಮರವನ್ನೂ ಜಾಕನ್ನೂ ಒಂದೇ ಸಾಲಲ್ಲಿ ಬೆರೆಸಿದರೆ, ಮರದ ಬೆಣೆ ಅಮುಕಿ ಆ ಭಾರವೂ ಪಕ್ಕದ ಜಾಕಿಗೇ ಬೀಳುತ್ತದೆ.

ಬಿದಿರು ಗಿಲಾವು ಮಾಡುವಾಗ ಸಾರುವೆ ಕಟ್ಟಲು ಒಳ್ಳೆಯದು, ಕೈಗೆ ಹಗುರ. ಆದರೆ ಒಳಗೆ ಟೊಳ್ಳು, ಮೊಳೆ ಹೊಡೆದರೆ ಸೀಳುತ್ತದೆ. ಮೋಲ್ಡಿನ ಕೆಳಗೆ ನಾವಂತೂ ಕೊಡುವುದಿಲ್ಲ.

ಕಂಬ ಯಾವುದೇ ಇರಲಿ, ಬುಡದಲ್ಲಿ ಅಗಲವಾದ ಹಲಗೆ ಇರಬೇಕು. ಹೊಸದಾಗಿ ತುಂಬಿದ ಮಣ್ಣು ನೀರು ಬಿದ್ದರೆ ಕುಸಿಯುತ್ತದೆ. ಅಲ್ಲಿ ಇಟ್ಟಿಗೆ ಪೇರಿಸಿ ಮೇಲೆ ಕಂಬ ನಿಲ್ಲಿಸಬಾರದು.

ನಮ್ಮ ಕೋಣೆಯ ಫ್ಯಾನಿನ ಹತ್ತಿರ ತಾರಸಿ ಈಗಲೂ ಸ್ವಲ್ಪ ಜೋತಿದೆ. ಆ ಕಂಬ ಬಾಗಿದ್ದು ಅಲ್ಲೇ.