ಎಂಟು ಕೆ.ಜಿ. ಗೂಡು, ಒಂದು ಕೆ.ಜಿ. ನೂಲು

ನಮ್ಮ ಸಾತನೂರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ನಾಲ್ಕು ಹಾಳೆ ಹಿಡಿದು ಮನೆಗೆ ಬಂದಳು. ಸಣ್ಣ ಕೈಗಾರಿಕೆಗಳಿಗೆ ಕೊಡುವ ಪ್ರಶಸ್ತಿಯೊಂದಕ್ಕೆ ಅರ್ಜಿ. "ಟೀಚರಮ್ಮ, ಒಂದೇ ಹಾಳೆ ಇರ್ಬೇಕಂತೆ. ಏನು ತೆಗೀಲಿ ಗೊತ್ತಾಗ್ತಿಲ್ಲ" ಎಂದಳು.

ಓದಿದೆ. ಮಾವನವರ ಕಾಲದ ಚರಕ, ಗಂಡ ತೀರಿಕೊಂಡದ್ದು, ಬ್ಯಾಂಕಿನ ಸಾಲ, ದೇವಸ್ಥಾನಕ್ಕೆ ಕೊಟ್ಟ ಗಂಟೆ, ಕೂಲಿಯವರ ಮಕ್ಕಳಿಗೆ ಪುಸ್ತಕ, ಎಲ್ಲವೂ ಇತ್ತು. ಕೊನೆಗೆ "ಗುಣಮಟ್ಟ ಬಹಳ ಸುಧಾರಿಸಿದೆ, ಲಾಭ ದುಪ್ಪಟ್ಟಾಗಿದೆ" ಎಂದಿತ್ತು.

"ಲಾಭ ಹೇಗೆ ದುಪ್ಪಟ್ಟಾಯಿತು?" ಎಂದೆ. ಸ್ವಲ್ಪ ತಡೆದು, "ಆ ವರ್ಷ ನೂಲಿನ ರೇಟು ಏರಿತ್ತು" ಎಂದಳು. ಮಾರುಕಟ್ಟೆಯ ಏರಿಕೆ ಅವಳ ಸಾಧನೆಯಲ್ಲ. ಆ ಸಾಲು ಹೋಯಿತು.

"ಹಾಗಾದರೆ ನೀನೇ ಮಾಡಿದ್ದು ಯಾವುದು?" ಎಂದು ಕೇಳಿದಾಗ ನಿಜವಾದ ಕಥೆ ಹೊರಬಂತು. ಮೊದಲು ಒಂದು ಕೆ.ಜಿ. ನೂಲಿಗೆ ಎಂಟು ಕೆ.ಜಿ. ಗೂಡು ಬೇಕಾಗುತ್ತಿತ್ತು, ಈಗ ಏಳೂವರೆ ಸಾಕು. ಕಲೆಯಾದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡುಗಳನ್ನು ಮೊದಲೇ ಆರಿಸಿ ತೆಗೆಸುತ್ತಾಳೆ. ಬೇಯಿಸುವ ಹೊತ್ತನ್ನು ಗಡಿಯಾರ ನೋಡಿ ನಿಲ್ಲಿಸುತ್ತಾಳೆ. ಹೆಚ್ಚು ಬೆಂದರೆ ಎಳೆ ಮುದ್ದೆಯಾಗಿ ಕಸಕ್ಕೆ ಹೋಗುತ್ತದೆ, ಕಡಿಮೆ ಬೆಂದರೆ ಪದೇ ಪದೇ ತುಂಡಾಗುತ್ತದೆ. ದಿನಕ್ಕೆ 60 ಕೆ.ಜಿ. ಗೂಡಿಗೆ ಮೊದಲು 7.5 ಕೆ.ಜಿ. ನೂಲು, ಈಗ 8 ಕೆ.ಜಿ. ತಿಂಗಳಲ್ಲಿ 20 ದಿನ ಕೆಲಸವೆಂದರೆ, ಅಷ್ಟೇ ಗೂಡಿನಲ್ಲಿ 10 ಕೆ.ಜಿ. ನೂಲು ಹೆಚ್ಚು. ಇದೇ ಎಳೆ ಹಿಡಿದೆವು.

ಆದರೆ ಮಳೆಗಾಲದ ಗೂಡು ಸರಿಯಾಗಿ ಬಿಚ್ಚುವುದಿಲ್ಲ. ಒಂದು ವರ್ಷದ ಶ್ರಾವಣವನ್ನು ಇನ್ನೊಂದು ವರ್ಷದ ಮಾಘಕ್ಕೆ ಹೋಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಅದೇ ತಿಂಗಳುಗಳು, ಅದೇ ಜಾತಿಯ ಗೂಡು ಇರಬೇಕು. ಈಗಿನದಕ್ಕೆ ರಾಮನಗರದ ಗೂಡಿನ ಮಾರುಕಟ್ಟೆಯ ಚೀಟಿಗಳೂ ನೂಲು ಮಾರಿದ ರಸೀದಿಗಳೂ ಇದ್ದವು. ಹಿಂದಿನ 'ಎಂಟು' ಎಂಬುದಕ್ಕೆ ಪುರಾವೆ ಏನು?

ಅವಳು ಸುಮ್ಮನಾದಳು. ಗಂಡನ ವಿಷಯದ ಪ್ಯಾರಾಕ್ಕೆ ನಾನು ಆಗಲೇ ಗೀಟು ಎಳೆದಿದ್ದೆ. ಅವಳ ಕಣ್ಣು ಅಲ್ಲೇ ಇತ್ತು. "ಅವರು ದಿನಾ ರಾತ್ರಿ ಗೂಡು ಎಷ್ಟು, ನೂಲು ಎಷ್ಟು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೀತಿದ್ರು ಟೀಚರಮ್ಮ. ಪೆಟ್ಟಿಗೇಲಿಟ್ಟಿದೀನಿ."

ಮರುದಿನ ತಂದಳು. ಎಣ್ಣೆಯ ಕಲೆಯ ಪುಟಗಳಲ್ಲಿ ಎಂಟು, ಎಂಟೂಕಾಲು, ಏಳೂಮುಕ್ಕಾಲು. ಅದೇ ತಿಂಗಳುಗಳನ್ನು ಕೂಡಿ ಭಾಗಿಸಿದರೆ ಎಂಟೇ ಬಂತು.

ಗಂಟೆ, ಚರಕ, ಸಾಲ ಎಲ್ಲ ಬಿಟ್ಟೆವು. ಗಂಡನ ಬಗ್ಗೆ ಒಂದೇ ವಾಕ್ಯ ಉಳಿಯಿತು: "ಹಿಂದಿನ ಲೆಕ್ಕ ನನ್ನ ಯಜಮಾನರು ಪ್ರತಿದಿನ ಬರೆದಿಟ್ಟದ್ದು." ಅದನ್ನು ಅವಳು ಎರಡು ಸಲ ಓದಿಕೊಂಡಳು.

ಪ್ರಶಸ್ತಿ ಬೇರೆಯವರಿಗೆ ಹೋಯಿತು. ಮೊನ್ನೆ ಅವಳ ಘಟಕಕ್ಕೆ ಹೋಗಿದ್ದೆ. ಗಡಿಯಾರದ ಕೆಳಗೆ ಹೊಸ ನೋಟ್‌ಬುಕ್ ನೇತಾಡುತ್ತಿತ್ತು. ಹಿಂದಿನ ದಿನದ ಸಾಲು ನೋಡಿದೆ: ಏಳೂವರೆಗಿಂತ ಚೂರು ಕಡಿಮೆ.