ಪುಟ್ಟಿಯ ಕಾಗದಕ್ಕೆ ನನ್ನ ಕನ್ನಡ

ನಮ್ಮ ಮೈದುನನ ಮಗಳು 2023ರ ಸೆಪ್ಟೆಂಬರಿನಲ್ಲಿ ಓದಲು ಸ್ಕಾಟ್‌ಲೆಂಡಿನ ಎಡಿನ್‌ಬರೋಗೆ ಹೋದಳು. ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಆದರೆ ಅಕ್ಷರ ಬಾರದು. ಸಾಗರದಲ್ಲಿರುವ ಅಜ್ಜ ಅಜ್ಜಿಗೆ, ಎಂದರೆ ನನ್ನ ಮಾವ ಅತ್ತೆಗೆ, ಅವಳು ಬರೆಯುವುದು ಇಂಗ್ಲಿಷಿನಲ್ಲಿ. ಅದು ನನ್ನ ಫೋನಿಗೆ ಬರುತ್ತದೆ. ನಾನು ಕನ್ನಡಕ್ಕೆ ತಿರುಗಿಸಿ, ದಪ್ಪ ಅಕ್ಷರದಲ್ಲಿ, ಹಾಳೆಯ ಒಂದೇ ಬದಿಗೆ ಬರೆದು ಅವರ ಕೈಗೆ ಕೊಡುತ್ತೇನೆ.

ಫೋನಿನಲ್ಲಿ ಮುಖ ನೋಡಿಯೇ ಮಾತಾಡಬಹುದಲ್ಲ, ಕಾಗದ ಏಕೆ ಎಂದು ನೀವು ಕೇಳಬಹುದು. ಮಾವನವರಿಗೆ ಕಿವಿ ಮಂದ. ಫೋನಿನ ಮಾತೆಲ್ಲ "ಊಟ ಆಯ್ತಾ", "ಚಳಿ ಇದೆಯಾ" ಎನ್ನುವಷ್ಟರಲ್ಲೇ ಮುಗಿದುಹೋಗುತ್ತದೆ. ಕಾಗದವನ್ನಾದರೆ ಅವರು ಭೂತಗನ್ನಡಿ ಹಿಡಿದು ನಿಧಾನವಾಗಿ ಓದುತ್ತಾರೆ. ಅತ್ತೆ ಮತ್ತೊಮ್ಮೆ ಗಟ್ಟಿಯಾಗಿ ಓದಿಸಿಕೊಳ್ಳುತ್ತಾರೆ.

ಈ ಕೆಲಸದಲ್ಲಿ ತೊಡಕು ಶುರುವಾಗುವುದೇ ಮೊದಲ ಸಾಲಿನಿಂದ. ನಾವು ಶಾಲೆಯಲ್ಲಿ ಕಲಿತ ಕಾಗದದ ಕ್ರಮ ನಿಮಗೂ ನೆನಪಿರಬೇಕು: ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ. ಮಾವನವರಿಗೆ ಈ ಒಕ್ಕಣೆ ಬಹಳ ಪ್ರಿಯ. ಆದರೆ ಅದನ್ನು ಹಾಕಿದರೆ ಬರೆದವಳು ಪುಟ್ಟಿ ಎನಿಸುವುದಿಲ್ಲ, ಯಾವುದೋ ಹಳೆಯ ಪೆಟ್ಟಿಗೆಯಿಂದ ತೆಗೆದ ಕಾಗದ ಎನಿಸುತ್ತದೆ. ಅವಳ 'ಡಿಯರ್' ನನ್ನ ಕೈಯಲ್ಲಿ 'ಪ್ರೀತಿಯ' ಆಗುತ್ತದೆ. ಇಂಗ್ಲಿಷಿನಲ್ಲಿ ಇಲ್ಲದ ಒಂದು ನಮಸ್ಕಾರವನ್ನು ಮಾತ್ರ ನಾನು ಸೇರಿಸುತ್ತೇನೆ. ಊರಿಗೆ ಬಂದಾಗ ಅವಳು ಕಾಲಿಗೆ ಬಿದ್ದೇ ಒಳಗೆ ಬರುವುದು. ಬಾಗಿಲಲ್ಲಿ ಮಾಡುವುದನ್ನು ಕಾಗದದಲ್ಲಿ ಬಿಡಬಾರದು.

ಆಮೇಲೆ 'ಯೂ' ಎಂಬ ಮಾತು. ಇಂಗ್ಲಿಷಿನಲ್ಲಿ ಅಜ್ಜನಿಗೂ ಅದೇ, ಅಜ್ಜಿಗೂ ಅದೇ, ಬೆಕ್ಕಿಗೂ ಅದೇ. ನಮ್ಮ ಮನೆಯಲ್ಲಿ ಅಜ್ಜ 'ನೀವು', ಅಜ್ಜಿ 'ನೀನು'. ಅಜ್ಜಿಗೆ 'ನೀವು' ಎಂದು ಬರೆದರೆ "ನನ್ನ ಮೇಲೆ ಏನಾದರೂ ಸಿಟ್ಟಾ ಮಗುಗೆ?" ಎಂದು ಕೇಳಿಯಾರು. ಹಾಗಾಗಿ ಪ್ರತಿ ಸಾಲಿನಲ್ಲೂ ಇದು ಯಾರಿಗೆ ಹೇಳಿದ್ದು ಎಂದು ನಿಂತು ನೋಡಬೇಕು. ಇಬ್ಬರಿಗೂ ಸೇರಿದ್ದಾದರೆ 'ನಿಮ್ಮಿಬ್ಬರಿಗೂ', ಚಟ್ನಿಪುಡಿಯ ಮಾತಾದರೆ 'ಅಜ್ಜಿ, ನೀನು', ಚೆಸ್ ಆಟದ ಮಾತಾದರೆ 'ಅಜ್ಜ, ನೀವು'.

'ಐ ಮಿಸ್ ಯೂ' ಎಂಬುದನ್ನು ಇದ್ದ ಹಾಗೆಯೇ ತಿರುಗಿಸಲು ನಮ್ಮಲ್ಲಿ ಮಾತಿಲ್ಲ. ಇಂಗ್ಲಿಷಿನಲ್ಲಿ ಅದು ನಾನು ಮಾಡುವ ಕೆಲಸ. ಕನ್ನಡದಲ್ಲಿ ನೆನಪು ತಾನಾಗಿ ಬರುತ್ತದೆ, 'ನನಗೆ ನಿಮ್ಮ ನೆನಪಾಗುತ್ತೆ.' 'ಲವ್ ಯೂ' ಇನ್ನೂ ಕಷ್ಟ. 'ನಿಮ್ಮನ್ನು ಪ್ರೀತಿಸುತ್ತೇನೆ' ಎಂದರೆ ಸಿನಿಮಾದ ಮಾತಾಗುತ್ತದೆ. 'ಥ್ಯಾಂಕ್ಯೂ' ಎಂಬುದು 'ಧನ್ಯವಾದಗಳು' ಆದರೆ ಸಭೆಯ ವಂದನಾರ್ಪಣೆಯಾಗುತ್ತದೆ. ಇಂಥ ಕಡೆ ಅವಳೇ ಬರೆದಿರುವ ಬೇರೆ ವಿವರ ಹುಡುಕುತ್ತೇನೆ. ಚಟ್ನಿಪುಡಿಯನ್ನು ಲೆಕ್ಕ ಹಾಕಿ ತಿನ್ನುತ್ತಿದ್ದೇನೆ ಎಂದು ಅವಳೇ ಬರೆದಿದ್ದಳು. ಅಜ್ಜಿಗೆ ಅದಕ್ಕಿಂತ ದೊಡ್ಡ ಥ್ಯಾಂಕ್ಸ್ ಬೇಕೇ? ಆದರೆ ಅವಳು ಹೇಳದ್ದನ್ನು ಚೆಂದಕ್ಕೆಂದು ಸೇರಿಸಬಾರದು. ಒಮ್ಮೆ ಸೇರಿಸಲು ಕೈ ಹೋಯಿತೆಂದರೆ ಆಮೇಲೆ ಬರುವುದು ನನ್ನ ಕಾಗದ, ಅವಳದ್ದಲ್ಲ.

ಆ ವರ್ಷದ ಡಿಸೆಂಬರಿನ ಕಾಗದ ಮಾತ್ರ ನನ್ನನ್ನು ಎರಡು ದಿನ ಕಾಡಿತು. ಅದರ ನಡುವೆ ಒಂದು ಪ್ಯಾರಾ ಇತ್ತು. ನವೆಂಬರಿನಲ್ಲಿ 'ಪ್ರೆಟಿ ಲೋ' ಆಗಿದ್ದೆ, ಹಾಸಿಗೆಯಿಂದ ಏಳಲು ಮನಸ್ಸಾಗುತ್ತಿರಲಿಲ್ಲ, ವಾರಕ್ಕೊಮ್ಮೆ ಕೌನ್ಸೆಲರ್ ಬಳಿ ಹೋಗುತ್ತಿದ್ದೇನೆ ಎಂದು ಬರೆದಿದ್ದಳು. ಈಗ ಎಷ್ಟೋ ವಾಸಿ ಎಂಬ ಮಾತು ಕೊನೆಯಲ್ಲಿ ಬರುತ್ತಿತ್ತು. ನನ್ನ ಯಜಮಾನರು, "ಅದೊಂದು ಬಿಟ್ಟುಬಿಡು. ಈ ವಯಸ್ಸಿನಲ್ಲಿ ಅವರಿಗೆ ಯಾಕೆ?" ಎಂದರು. ನನಗೂ ಅಳುಕಿತ್ತು. ಆದರೆ ಅವಳು ಅದನ್ನು ನನಗೆ ಬರೆದಿರಲಿಲ್ಲ, ಅಜ್ಜ ಅಜ್ಜಿಗೆ ಬರೆದಿದ್ದಳು. ಹೇಳಬಾರದೆಂದಿದ್ದರೆ ಅವಳೇ ಬಿಡುತ್ತಿದ್ದಳು.

ಬಿಡುವುದಿಲ್ಲ ಎಂದಾದ ಮೇಲೆ ಸರಿಯಾದ ಮಾತು ಬೇಕು. 'ಬೇಜಾರಾಗಿತ್ತು' ಎಂದರೆ ತೀರಾ ಹಗುರ. ಬಸ್ಸು ತಪ್ಪಿದರೂ ನಮಗೆ ಬೇಜಾರೇ. 'ಖಿನ್ನತೆ' ಪತ್ರಿಕೆಯ ಮಾತು, ಅದೊಂದು ಕಾಯಿಲೆಯ ಹೆಸರು. ಆ ಹೆಸರನ್ನು ಯಾವ ವೈದ್ಯರೂ ಅವಳಿಗೆ ಕೊಟ್ಟಿರಲಿಲ್ಲ, ನಾನು ಕೊಡುವುದು ಹೇಗೆ? 'ಮನಸ್ಸು ಸರಿಯಿರಲಿಲ್ಲ' ಎಂದರೆ ಹಿರಿಯರಿಗೆ ತಲೆ ಕೆಟ್ಟಿತ್ತೆಂದೇ ಅರ್ಥ. 'ಮನಸ್ಸಿಗೆ ಮಂಕು ಕವಿದ ಹಾಗೆ' ಎಂಬುದು ನನಗೆ ಸರಿ ಕಂಡಿತು. ಅದರಲ್ಲಿ ಭಾರವಿದೆ, ಆದರೆ ಕವಿದದ್ದು ಸರಿಯಬಹುದು ಎಂಬುದೂ ಇದೆ. ಕೌನ್ಸೆಲರ್‌ಗೆ ಪುಸ್ತಕದಲ್ಲಿ 'ಆಪ್ತ ಸಲಹೆಗಾರರು' ಎಂದಿದೆ. ಮಾವನವರಿಗೆ ಅದು ಮುಖ್ಯಮಂತ್ರಿಗಳ ಕಚೇರಿಯ ಹುದ್ದೆಯಂತೆ ಕೇಳಿಸೀತು. 'ಡಾಕ್ಟರು' ಎಂದರೆ ಸುಳ್ಳು, ಗಾಬರಿಯೂ ಹೌದು. ಹೆಸರು ಬಿಟ್ಟು ಅವರು ಮಾಡುವ ಕೆಲಸವನ್ನೇ ಬರೆದೆ.

ಇನ್ನೊಂದು ಉಳಿದಿತ್ತು. ಇಂಗ್ಲಿಷ್ ಕಾಗದವನ್ನು ಕಣ್ಣು ಒಂದೇ ಸಲಕ್ಕೆ ಕೊನೆಯವರೆಗೂ ಓಡಿ ನೋಡಿಬಿಡುತ್ತದೆ. ಓದಿಸಿಕೊಂಡು ಕೇಳುವವರಿಗೆ ಒಂದು ಮಾತಾದ ಮೇಲೆ ಒಂದು. 'ಏಳಲು ಆಗುತ್ತಿರಲಿಲ್ಲ' ಎಂಬಲ್ಲಿಂದ 'ಈಗ ವಾಸಿ' ಎಂಬಲ್ಲಿಗೆ ಬರುವಷ್ಟರಲ್ಲಿ ಅತ್ತೆಯ ಎದೆ ಹೊಡೆದುಕೊಳ್ಳುತ್ತಿತ್ತು. ಅವಳ ಕೊನೆಯ ವಾಕ್ಯವನ್ನು ಆ ಪ್ಯಾರಾದ ತಲೆಗೆ ತಂದೆ. ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ. ಬರೆದು ಮುಗಿಸಿ, ಕೊಡುವ ಮೊದಲು ಪುಟ್ಟಿಗೆ ಫೋನು ಮಾಡಿ ಓದಿ ಹೇಳಿದೆ. ಅವಳಿಗೆ ಓದಲು ಬಾರದಿದ್ದರೂ ಕೇಳಿದರೆ ಗೊತ್ತಾಗುತ್ತದೆ, ಇದು ತನ್ನ ದನಿಯೋ ಅಲ್ಲವೋ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ದೊಡ್ಡಮ್ಮ, ಮಂಕು. ಹಾಗೇ ಇತ್ತು" ಎಂದಳು.

ಆ ಕಾಗದ ಹೀಗಿತ್ತು:

"ಪ್ರೀತಿಯ ಅಜ್ಜ, ಅಜ್ಜಿ,

ನಿಮ್ಮಿಬ್ಬರಿಗೂ ಪುಟ್ಟಿಯ ನಮಸ್ಕಾರ.

ಇಲ್ಲಿ ಈಗ ತುಂಬಾ ಚಳಿ. ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ. ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಮುಳುಗಿಯೇ ಹೋಗಿರುತ್ತಾನೆ. ಅಜ್ಜಿ, ನೀನು ಇಲ್ಲಿದ್ದಿದ್ದರೆ ಕಾಫಿ ಹೊತ್ತಿಗೇ ದೇವರಿಗೆ ದೀಪ ಹಚ್ಚಬೇಕಾಗುತ್ತಿತ್ತು. ನನ್ನ ರೂಮಿನ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿದ್ದಾರೆ, ಅದರೊಳಗೆ ಬಿಸಿನೀರು ಹರಿಯುತ್ತೆ. ಅದಕ್ಕೆ ಬೆನ್ನು ಕೊಟ್ಟು ಕೂತು ಓದುತ್ತೇನೆ.

ಬೆಳಿಗ್ಗೆ ಓಟ್ಸ್ ಎಂಬ ಧಾನ್ಯದ ಗಂಜಿ ಮಾಡಿಕೊಳ್ಳುತ್ತೇನೆ. ಈ ಊರಿನವರು ಹಿಂದಿನಿಂದಲೂ ಅದನ್ನು ಉಪ್ಪು ಹಾಕಿ ಉಣ್ಣುವವರು. ನಿನ್ನ ಕುಚ್ಚಲಕ್ಕಿ ಗಂಜಿಯಷ್ಟು ರುಚಿ ಇಲ್ಲ. ನೀನು ಕಟ್ಟಿಕೊಟ್ಟ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ. ದಿನಕ್ಕೆ ಒಂದೇ ಚಮಚ ಎಂದು ಲೆಕ್ಕ ಇಟ್ಟಿದ್ದೇನೆ.

ಅಜ್ಜ, ನೀವು ಕಲಿಸಿದ ಚೆಸ್ ಇಲ್ಲಿ ಉಪಯೋಗಕ್ಕೆ ಬಂತು. ಪಕ್ಕದ ರೂಮಿನ ಹುಡುಗಿಯನ್ನು ಎರಡು ಸಲ ಸೋಲಿಸಿದೆ. ಅವಳು ಮೂರು ಸಲ ಸೋಲಿಸಿದಳು.

ನಾನು ಈಗ ಎಷ್ಟೋ ವಾಸಿ. ಆದರೆ ನಿಮಗೆ ಒಂದು ವಿಷಯ ಹೇಳಬೇಕು. ನವೆಂಬರಿನಲ್ಲಿ ನನ್ನ ಮನಸ್ಸಿಗೆ ಮಂಕು ಕವಿದ ಹಾಗೆ ಆಗಿತ್ತು. ಬೆಳಿಗ್ಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಹೀಗೆ ಕಷ್ಟಪಡುವ ಮಕ್ಕಳ ಮಾತು ಕೇಳಿ ದಾರಿ ತೋರಿಸಲು ಕಾಲೇಜಿನವರೇ ಒಬ್ಬರನ್ನು ಇಟ್ಟಿದ್ದಾರೆ. ವಾರಕ್ಕೊಮ್ಮೆ ಅವರ ಹತ್ತಿರ ಹೋಗಿ ಮಾತಾಡಿ ಬರುತ್ತೇನೆ. ಫೋನಿನಲ್ಲಿ ಇದನ್ನು ಹೇಳಲು ಆಗಲಿಲ್ಲ.

ಉಣ್ಣುವಾಗ, ಮಲಗುವಾಗ ನಿಮ್ಮಿಬ್ಬರ ನೆನಪಾಗುತ್ತೆ.

ನಿಮ್ಮ ಪುಟ್ಟಿ."

ಮಾವನವರು ಎರಡು ಸಲ ಓದಿದರು. ಏನೂ ಹೇಳದೆ ಮಡಿಸಿ ಪಂಚಾಂಗದೊಳಗೆ ಇಟ್ಟರು. ಅತ್ತೆ ಮಂಕಿನ ಸಾಲುಗಳನ್ನು ಮತ್ತೆ ಓದಿಸಿದರು. ಅಳುತ್ತಾರೇನೋ ಎಂದು ನಾನು ನೋಡಿದೆ. ಅವರು ಅಳಲಿಲ್ಲ. "ಉತ್ತರ ಬರೆದುಕೋ" ಎಂದರು.

"ನಾನು ಹದಿನೇಳು ವರ್ಷಕ್ಕೆ ಮದುವೆಯಾಗಿ ಘಟ್ಟ ಹತ್ತಿ ಈ ಮನೆಗೆ ಬಂದಾಗ ನನಗೂ ಹಾಗೇ ಆಗಿತ್ತು ಅಂತ ಬರಿ. ಮಳೆಗಾಲ. ಮೂರು ತಿಂಗಳು ಬಿಸಿಲು ಕಾಣಲಿಲ್ಲ. ಬಚ್ಚಲುಮನೆಯ ಹಂಡೆ ಒಲೆಗೆ ಉರಿ ಹಾಕುವ ಕೆಲಸ ನಾನೇ ಕೇಳಿ ತಗೊಂಡೆ. ಹೊಗೆಯಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ. ನನಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವಳಿಗೆ ಒಬ್ಬರು ಇದ್ದಾರೆ. ಹೋಗಲಿ, ಬಿಡುವುದು ಬೇಡ ಅಂತ ಬರಿ."

ಇಪ್ಪತ್ತೆಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ. ಈ ಮಾತನ್ನು ನಾನು ಕೇಳಿದ್ದು ಅಂದೇ ಮೊದಲು. ಆ ಪ್ಯಾರಾ ಬಿಟ್ಟಿದ್ದರೆ ಇದೂ ಅವರೊಳಗೇ ಉಳಿಯುತ್ತಿತ್ತು.

ಇದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಲಿ? ಬಚ್ಚಲುಮನೆಯನ್ನು 'ಬಾತ್‌ರೂಮ್' ಎಂದರೆ ಪುಟ್ಟಿಯ ಕಣ್ಣ ಮುಂದೆ ಬಿಳಿ ಟೈಲ್ಸು, ನಲ್ಲಿ, ಕನ್ನಡಿ ಬರುತ್ತವೆ. ಅಲ್ಲಿ ಒಲೆ ಎಲ್ಲಿ, ಹೊಗೆ ಎಲ್ಲಿ? ಹೊಗೆಯಿಲ್ಲದಿದ್ದರೆ ಅಜ್ಜಿಯ ಅಳು ಅಡಗುವುದಾದರೂ ಎಲ್ಲಿ? ಕೊನೆಗೆ ನಾನು ತಿರುಗಿಸಲೇ ಇಲ್ಲ. ಅತ್ತೆಯ ಕನ್ನಡವನ್ನು ಇದ್ದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದೆ. ಗಟ್ಟಿಯಾಗಿ ಓದಿಕೋ, ತಿಳಿಯುತ್ತೆ ಎಂದೆ.

ಅಂದು ರಾತ್ರಿಯೇ ಅವಳ ಫೋನು ಬಂತು. ದನಿ ಒದ್ದೆಯಾಗಿತ್ತು. "ದೊಡ್ಡಮ್ಮ, ಹಂಡೆ ಅಂದರೆ ಎಷ್ಟು ದೊಡ್ಡದು?"

"ನೀನು ಎರಡು ವರ್ಷದವಳಿದ್ದಾಗ ಅದರೊಳಗೆ ಕೂರುವಷ್ಟು" ಎಂದೆ.